ದೂರದಿಂದ ಬಂದು ಹರಸಿದ ನಮ್ಮವರಿಗೆ

ಆತ್ಮೀಯ ಬಂಧುಮಿತ್ರರಲ್ಲಿ ಸವಿನಯ ವಂದನೆಗಳು.

ನಮ್ಮ ಮದುವೆಯಾಗಿ ಇಂದಿಗೆ 18 ದಿನಗಳಾದವು. ಅಂದು ವೇದಿಕೆಯ ಮೇಲೆ ನಿಮ್ಮಲ್ಲಿ ಒಬ್ಬೊಬ್ಬರೊಡನೆಯೂ ಮಾತನಾಡಲು ನಮಗೆ ಸಿಕ್ಕಿದ್ದು ಹೆಚ್ಚೆಂದರೆ ಅರ್ಧ ನಿಮಿಷ. ಹಿಂದೆ ಸಾಲು ಬೆಳೆಯುತ್ತಿತ್ತು, ಫೋಟೊ ತೆಗೆಯುವವರು ಇತ್ತ ನೋಡಿ ಎಂದು ಅವಸರಿಸುತ್ತಿದ್ದರು. ನಾವು 'ಬಂದದ್ದು ಬಹಳ ಸಂತೋಷ, ಊಟ ಮಾಡಿಕೊಂಡೇ ಹೋಗಬೇಕು' ಎಂದು ಎಲ್ಲರಿಗೂ ಹೇಳಿದ್ದನ್ನೇ ನಿಮಗೂ ಹೇಳಿ ಮುಂದಿನವರ ಕಡೆಗೆ ತಿರುಗಿಬಿಟ್ಟೆವು. ಪಕ್ಕದ ಬೀದಿಯಿಂದ ನಡೆದು ಬಂದವರಿಗೂ ಎರಡು ರಾತ್ರಿ ರೈಲಿನಲ್ಲಿ ಕಳೆದು ಬಂದವರಿಗೂ ಒಂದೇ ಮಾತು ಹೇಳಿ ಕಳಿಸಿದೆವಲ್ಲ ಎಂಬ ಅಳುಕು ಅಂದಿನಿಂದಲೂ ನಮ್ಮಿಬ್ಬರನ್ನು ಬಿಟ್ಟಿಲ್ಲ. ಆದ್ದರಿಂದಲೇ ಈ ಪತ್ರವನ್ನು ದೂರದ ಊರುಗಳಿಂದ ಬಂದ ನಿಮಗೆಂದೇ ಬೇರೆಯಾಗಿ ಬರೆಯುತ್ತಿದ್ದೇವೆ.

ನೀವು ಹೇಗೆ ಬಂದು ತಲುಪಿದಿರಿ ಎಂಬುದು ನಮಗೆ ತಿಳಿದದ್ದು ಆಮೇಲೆ, ಅದೂ ಒಬ್ಬೊಬ್ಬರ ಬಾಯಿಂದ ಒಂದಿಷ್ಟಿಷ್ಟಾಗಿ. ಇದರ ಜೊತೆಗಿರುವ ಫೋಟೊವನ್ನು ದಯವಿಟ್ಟು ಒಮ್ಮೆ ನೋಡಿ. ಸಂಜೆ, ಸಭಾಂಗಣದ ಅರ್ಧ ದೀಪಗಳನ್ನು ಆರಿಸಿದ ಮೇಲೆ, ಹೊರಡಲು ಸಿದ್ಧರಾಗಿದ್ದ ನಿಮ್ಮನ್ನೆಲ್ಲ ಒಟ್ಟಿಗೆ ನಿಲ್ಲಿಸಿ ತೆಗೆಸಿದ್ದು ಅದು. ಎಡಗಡೆ ಕುರ್ಚಿಯಲ್ಲಿ ಕುಳಿತಿರುವ ದೊಡ್ಡಮ್ಮನ ಚಪ್ಪಲಿಯ ಪಟ್ಟಿ ಬಿಚ್ಚಿಕೊಂಡಿದೆ. ರೈಲು ಬದಲಾಯಿಸುವಾಗ ಪ್ಲಾಟ್‌ಫಾರಂ ಬೇರೆಯಾಯಿತೆಂದು ಕಡೆಯ ಗಳಿಗೆಯಲ್ಲಿ ತಿಳಿದು, ಮಂಡಿನೋವಿನಲ್ಲೇ ಮೇಲುಸೇತುವೆಯನ್ನು ಹತ್ತಿಳಿದ ಅವರ ಪಾದಗಳು ಊದಿಕೊಂಡಿದ್ದವಂತೆ. ವೇದಿಕೆಯ ಮೇಲೆ ನಾವು ಪ್ರಯಾಣದ ಬಗ್ಗೆ ವಿಚಾರಿಸಿದಾಗ ಅವರು ಹೇಳಿದ್ದು, 'ಏನೂ ತೊಂದರೆಯಾಗಲಿಲ್ಲ ಮಕ್ಕಳೇ' ಎಂದಷ್ಟೇ. ಅವರ ಹಿಂದೆ ನಿಂತಿರುವ ಗೆಳೆಯನ ಅಂಗಿಯ ಮೇಲೆ ಮಡಿಕೆಯ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಹೊರಡಬೇಕಾಗಿದ್ದ ವಿಮಾನ ರದ್ದಾದದ್ದರಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದು, ನಿಲ್ದಾಣದ ಕೈತೊಳೆಯುವ ಕೊಠಡಿಯಲ್ಲೇ ಬಟ್ಟೆ ಬದಲಾಯಿಸಿಕೊಂಡು ಅವನು ನೇರವಾಗಿ ನಮ್ಮ ಮುಂದೆ ಬಂದು ನಿಂತಿದ್ದ. ಆ ಅಂಗಿಯನ್ನು ಕಂಡು ಅಂದು ನಾವು ಅವನನ್ನು ಛೇಡಿಸಿದ್ದೆವು. ಈಗ ಆ ಗೆರೆಗಳನ್ನು ನೋಡಿದಾಗಲೆಲ್ಲ ನಗು ಬರುವುದಿಲ್ಲ.

ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ಹೊತ್ತಿಗೆ ಬಂದು ತಲುಪಿದ ಕುಟುಂಬವೊಂದು 'ತಡವಾಯಿತು, ಕ್ಷಮಿಸಿ' ಎಂದು ನಮ್ಮನ್ನೇ ಕೇಳಿಕೊಂಡಿತು. ನಿದ್ದೆಗಣ್ಣಿನ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು 14 ಗಂಟೆ ಪ್ರಯಾಣ ಮಾಡಿದವರು ನಮ್ಮಲ್ಲಿ ಕ್ಷಮೆ ಕೇಳಬೇಕಾಗಿರಲಿಲ್ಲ. ನಿಮಗಾಗಿ ಮತ್ತೊಮ್ಮೆ ವೇದಿಕೆ ಹತ್ತಿ ನಿಂತ ಆ ಐದು ನಿಮಿಷಗಳೇ ಇಡೀ ದಿನದಲ್ಲಿ ನಾವು ಯಾವ ಅವಸರವೂ ಇಲ್ಲದೆ ಮಾತನಾಡಿದ ಸಮಯವೆಂಬುದನ್ನು ನಿಮಗೆ ತಿಳಿಸಬೇಕೆನಿಸಿತು.

ರಜೆ ಹೊಂದಿಸಿಕೊಂಡು, ಕೆಲವರು ದಿನದ ದುಡಿಮೆಯನ್ನೂ ಬಿಟ್ಟು, ಮನೆಯಲ್ಲಿರುವ ಹಿರಿಯರನ್ನು ನೋಡಿಕೊಳ್ಳಲು ಯಾರನ್ನೋ ಒಪ್ಪಿಸಿ, ತಿಂಗಳುಗಳ ಮೊದಲೇ ಟಿಕೆಟ್ಟು ಕಾಯ್ದಿರಿಸಿ ನೀವು ಬಂದಿರಿ. ನೀವು ಪ್ರೀತಿಯಿಂದ ಕೊಟ್ಟ ಉಡುಗೊರೆಗಳಿಗೂ ನಾವು ಕೃತಜ್ಞರು. ಆದರೆ ಉಡುಗೊರೆಯನ್ನು ಅಂಚೆಯಲ್ಲಿಯೂ ಕಳಿಸಬಹುದಾಗಿತ್ತು, ನೀವು ಹಾಗೆ ಮಾಡದೆ ನೀವೇ ಬಂದಿರಿ.

ಆತಿಥ್ಯದಲ್ಲಿ ನಮ್ಮಿಂದ ಲೋಪಗಳಾದದ್ದು ನಿಜ. ಮೂವರಿಗೆಂದು ಗೊತ್ತುಮಾಡಿದ್ದ ಕೋಣೆಯಲ್ಲಿ ಆರು ಮಂದಿ ಮಲಗಬೇಕಾಯಿತು, ಬೆಳಗಿನ ಬಿಸಿನೀರು ಮೊದಲು ಎದ್ದವರಿಗೇ ಮುಗಿದುಹೋಯಿತು, ನಿಲ್ದಾಣಕ್ಕೆ ಕಳಿಸಿದ್ದ ವಾಹನ ಒಂದು ಗಂಟೆ ತಡವಾಗಿ ಬಂತು. ಇವುಗಳಲ್ಲಿ ಒಂದನ್ನೂ ನೀವು ಅಂದು ನಮ್ಮ ಕಿವಿಗೆ ಬೀಳಗೊಡಲಿಲ್ಲ. ಅದಕ್ಕಾಗಿ ಕ್ಷಮೆಯನ್ನೂ ಧನ್ಯವಾದವನ್ನೂ ಒಟ್ಟಿಗೇ ಸಲ್ಲಿಸುತ್ತಿದ್ದೇವೆ.

ಈ ವರ್ಷ ಮುಗಿಯುವುದರೊಳಗೆ ನಾವಿಬ್ಬರೂ ನಿಮ್ಮ ಮನೆಗಳಿಗೆ ಬರಬೇಕೆಂದಿದ್ದೇವೆ. ದೊಡ್ಡಮ್ಮನ ಮನೆಗೇ ಮೊದಲು ಎಂಬುದರಲ್ಲಿ ನಮಗಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ, ಆದರೆ ಆಮೇಲೆ ಯಾರ ಮನೆಗೆ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ. ಬರುವ ಮುನ್ನ ಫೋನ್ ಮಾಡುತ್ತೇವೆ. ಅಂದು ಅರ್ಧಕ್ಕೆ ನಿಂತ ಮಾತುಗಳನ್ನು ಅಲ್ಲಿ ಕುಳಿತು ಮುಂದುವರಿಸೋಣ.

ಇನ್ನೊಂದು ವಿಷಯ. ಎರಡನೇ ಮಹಡಿಯ ಕೋಣೆಯಲ್ಲಿ ನೀಲಿ ಬಣ್ಣದ, ಅಂಚಿಗೆ ಕೈಹೊಲಿಗೆಯಿರುವ ಶಾಲೊಂದು ಉಳಿದುಹೋಗಿದೆ. ಯಾರದೆಂದು ದಯವಿಟ್ಟು ತಿಳಿಸಿ, ನಾವು ಬರುವಾಗ ತರುತ್ತೇವೆ.

ಇಂತಿ ನಿಮ್ಮ ಪ್ರೀತಿಯ,
ಮೇಧಾ ಮತ್ತು ಸುಹಾಸ್