ಈ ಸಲ ಎಲ್ಲರೂ ಸೇರಿ ಹಲಸಿನ ಹಪ್ಪಳ ಮಾಡೋಣ

ಅಕ್ಕಂದಿರೇ, ಉಳಿತಾಯದ ಲೆಕ್ಕ ಮುಗಿಯಿತಲ್ಲ, ಒಂದು ಹತ್ತು ನಿಮಿಷ ಯಾರೂ ಏಳಬೇಡಿ. ಹಾಲು ಕರೆಯುವ ಹೊತ್ತಿಗೆ ಬಿಟ್ಟುಬಿಡುತ್ತೇನೆ.

ಹೋದ ವರ್ಷ ನಾವು ಏನು ಮಾಡಿದೆವು ನೆನಪಿದೆಯಾ? ಒಬ್ಬರು ಉಪ್ಪಿನಕಾಯಿ, ಒಬ್ಬರು ಚಟ್ನಿಪುಡಿ, ಇನ್ನೊಬ್ಬರು ಸಂಡಿಗೆ, ನಾನು ಹಪ್ಪಳ. ತೀರ್ಥಹಳ್ಳಿಯ ಅಂಗಡಿಯೊಂದರಲ್ಲಿ ನನ್ನ ಹಪ್ಪಳ ತೋರಿಸಿದೆ. ರುಚಿ ನೋಡಿ, 50 ಪ್ಯಾಕೆಟ್ ಕೊಡಿ ಅಂದರು. ನನ್ನ ಹತ್ತಿರ ಇದ್ದದ್ದು 15. ಅದರಲ್ಲೂ 3 ಪ್ಯಾಕೆಟ್ ಸರಿಯಾಗಿ ಒಣಗದೆ ಬೂಸ್ಟು ಹಿಡಿದಿತ್ತು. ಅವಮಾನ ಆಯಿತು, ಸುಳ್ಳು ಯಾಕೆ ಹೇಳಲಿ. ಅವತ್ತೇ ಅನ್ನಿಸಿತು, 12 ಜನ 12 ಕಡೆ ಎಳೆಯುವ ಬದಲು ಒಂದೇ ಸಾಮಾನು ಮಾಡಿದರೆ ಕೇಳಿದಷ್ಟು ಕೊಡಬಹುದು ಅಂತ.

ಉಪ್ಪಿನಕಾಯಿ ಯಾಕೆ ಬೇಡ ಅಂತ ಕೆಳಮನೆ ಅತ್ತಿಗೆ ಕೇಳುತ್ತಾರೆ, ನನಗೆ ಗೊತ್ತು. ಒಳ್ಳೆ ಅಪ್ಪೆಮಿಡಿಗೆ ದುಡ್ಡು ಕೊಡಬೇಕು ಅತ್ತಿಗೆ, ಮರ ಹತ್ತಿ ಕೊಯ್ಯುವವರೂ ಸಿಗಬೇಕು, ಉಪ್ಪು ಹೆಚ್ಚುಕಮ್ಮಿ ಆದರೆ ಇಡೀ ಭರಣಿಯೇ ಹೋಗುತ್ತದೆ. ಹಲಸು ಹಾಗಲ್ಲ. ನಮ್ಮೆಲ್ಲರ ಹಿತ್ತಲಲ್ಲೂ ಬಿದ್ದು ಕೊಳೆಯುತ್ತದೆ, ದನಕ್ಕೂ ಸಾಕಾಗಿರುತ್ತದೆ. ಕೈಕೆಲಸವೂ ಎಲ್ಲರಿಗೂ ಬರುತ್ತದೆ. ಸೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ ಒತ್ತುವುದನ್ನು ಇಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ, ಅಲ್ವಾ? ಆದರೆ ಒಬ್ಬೊಬ್ಬರ ಮನೆಯದು ಒಂದೊಂದು ರುಚಿ. ಅದು ನಡೆಯುವುದಿಲ್ಲ. ಬಲಿತ ಬಕ್ಕೆ ಕಾಯಿ ಮಾತ್ರ, ಉಪ್ಪು ಖಾರ ಜೀರಿಗೆ ಇಂಗು ಎಲ್ಲ ತೂಕ ಮಾಡಿಯೇ ಹಾಕುವುದು, ಕೈಅಂದಾಜು ಬೇಡ.

ಈಗ ದುಡ್ಡಿನ ಮಾತು. ಗುರಿ 300 ಪ್ಯಾಕೆಟ್, ಒಂದರಲ್ಲಿ 25 ಹಪ್ಪಳ. ಸಾಧಾರಣ ಕಾಯಿಗೆ ನೂರರಂತೆ 80 ಕಾಯಿ ಹಿಡಿದಿದ್ದೇನೆ, 500 ಹಪ್ಪಳ ಮುರಿದದ್ದಕ್ಕೆ, ಮಕ್ಕಳು ಕದ್ದು ತಿಂದದ್ದಕ್ಕೆ ಬಿಟ್ಟಿದ್ದೇನೆ.

ಒಮ್ಮೆ ಮಾತ್ರ ಆಗುವ ಖರ್ಚು ಹೀಗಿದೆ: ಒತ್ತುವ ಮಣೆ ಎರಡಕ್ಕೆ 3,000, ಚಾಪೆ, ಪ್ಲಾಸ್ಟಿಕ್ ಹಾಳೆ, ಬಲೆ ಸೇರಿ 2,000, ಪ್ಯಾಕೆಟ್ ಸೀಲ್ ಮಾಡುವ ಮಿಷನ್ 1,800, ತಕ್ಕಡಿ 1,200, ಆಹಾರ ಸುರಕ್ಷತೆಯ ನೋಂದಣಿಗೆ 100. ಒಟ್ಟು 8,100. ನೋಂದಣಿ ಶುಲ್ಕವೊಂದು ಮಾತ್ರ ವರ್ಷ ವರ್ಷ ಕಟ್ಟಬೇಕು. ಅದನ್ನು ಬಿಡುವ ಹಾಗಿಲ್ಲ, ಆ ನಂಬರ್ ಪ್ಯಾಕೆಟ್ ಮೇಲೆ ಇಲ್ಲದಿದ್ದರೆ ಅಂಗಡಿಯವರು ಮುಟ್ಟುವುದಿಲ್ಲ.

ಇನ್ನು ಸಾಮಾನಿನ ಖರ್ಚು. ಕಾಯಿ ನಮ್ಮದೇ ಆದರೂ ಒಂದಕ್ಕೆ 20 ರೂಪಾಯಿ ಕೊಡೋಣ, ಇಲ್ಲದಿದ್ದರೆ ಮರ ಇದ್ದವರಿಗೆ ಅನ್ಯಾಯ. ಅದು 1,600. ಮಸಾಲೆಗೆ 2,400, ಗಾಡಿ ಬಾಡಿಗೆ 600, ಕೈಗೆ ಸವರಲು ಎಣ್ಣೆ 500, ಸೌದೆ 600, ಗ್ರೈಂಡರ್ ಕರೆಂಟಿಗೆ 500, ಕವರ್ ಮತ್ತು ಚೀಟಿಗೆ 2,100. ಒಟ್ಟು 8,300.

ದೊಡ್ಡ ಖರ್ಚು ನಮ್ಮ ಕೂಲಿ. 12 ದಿನ, ದಿನಕ್ಕೆ 6 ಜನ ಸರದಿಯಲ್ಲಿ, ತಲೆಗೆ 250. ಅದು 18,000. ಮನೆಕೆಲಸ ಅಂತ ಇದನ್ನು ಲೆಕ್ಕಕ್ಕೆ ಹಿಡಿಯದೆ ‘ಲಾಭ ಬಂತು’ ಅಂತ ಕುಣಿಯುವುದು ನನಗೆ ಇಷ್ಟವಿಲ್ಲ. ಕೂಲಿ ಸೇರಿದರೆ ಪ್ಯಾಕೆಟ್‌ಗೆ ಸುಮಾರು 88 ಬೀಳುತ್ತದೆ. ನೇರ ಮಾರಿದರೆ 120, ಅಂಗಡಿಗೆ 100. ಅರ್ಧ ಹೀಗೆ ಅರ್ಧ ಹಾಗೆ ಹೋದರೆ 33,000 ಬರುತ್ತದೆ, ಖರ್ಚು ಕಳೆದು 6,700 ಉಳಿಯುತ್ತದೆ. ಅಂದರೆ ಮಣೆ ಮಿಷನ್ನಿನ ದುಡ್ಡೂ ಈ ವರ್ಷ ಪೂರ್ತಿ ಹುಟ್ಟುವುದಿಲ್ಲ, 1,400 ಕಮ್ಮಿ ಬೀಳುತ್ತದೆ. ಮುಂದಿನ ವರ್ಷ ಆ ಖರ್ಚಿಲ್ಲ. ನಮ್ಮ ಕೂಲಿಯಂತೂ ಕೈಗೆ ಬಂದಿರುತ್ತದೆ.

ಬ್ಯಾಂಕ್ ಸಾಲ ಬೇಡ. ನಮ್ಮ ಉಳಿತಾಯದ 24,000ದಲ್ಲಿ 16,400 ತೆಗೆಯೋಣ. ಕೂಲಿ ಮಾತ್ರ ಸರಕು ಹೋದ ಮೇಲೆಯೇ, ತಡೆದುಕೊಳ್ಳಬೇಕು. ಕಷ್ಟ ಅನ್ನುವವರು ಇವತ್ತೇ ಹೇಳಿ, ಆಮೇಲೆ ಬಾವಿಕಟ್ಟೆಯಲ್ಲಿ ಹೇಳಬೇಡಿ.

ಮಾರುವುದಕ್ಕೆ ಮಳೆಗಾಲ ಇದೆ. ಜೂನ್ ಜುಲೈನಲ್ಲಿ ಸುರಿಯುವ ಮಳೆಗೆ ಯಾರಿಗೆ ಹಪ್ಪಳ ಬೇಡ? ಉಳಿದದ್ದನ್ನು ಗಾಳಿಯಾಡದ ಡಬ್ಬದಲ್ಲಿಟ್ಟು ಎಳ್ಳಮಾವಾಸ್ಯೆ ಜಾತ್ರೆಗೆ ಒಯ್ಯೋಣ.

ಹೆದರಿಕೆ ಇರುವುದು ಬಿಸಿಲಿನದು. ಏಪ್ರಿಲ್ ಎರಡನೇ ವಾರಕ್ಕೆ ಶುರು ಮಾಡಿ ತಿಂಗಳೊಳಗೆ ಮುಗಿಸಬೇಕು, ಮಧ್ಯಾಹ್ನ ಅಡ್ಡಮಳೆ ಬಂದ ದಿನ ಕಾಯಿ ಕೊಯ್ಯುವುದೇ ಬೇಡ. ಮುರಿದರೆ ಟಪ್ಪನೆ ಮುರಿಯದ ಹಪ್ಪಳ ಪ್ಯಾಕೆಟ್‌ಗೆ ಹೋಗಬಾರದು, ಅದು ಯಾರ ಕೈಯದ್ದಾದರೂ ಸರಿ. ನಮ್ಮ ಮನೆಯ ಅಡಿಕೆ ಚಪ್ಪರ ಈಗ ಖಾಲಿ ಇದೆ, ಅಲ್ಲೇ ಒಣಗಿಸಬಹುದು. ಆದರೆ ಮಂಗ ಕಾಯುವುದಕ್ಕೆ ದಿನಕ್ಕೊಬ್ಬರು ಬೇಕು, ಬಲೆ ಅವಕ್ಕೆ ಲೆಕ್ಕವೇ ಇಲ್ಲ. ಮೊದಲ ದಿನ ಯಾರು ಕೂರುತ್ತೀರಿ, ಹೆಸರು ಬರೆದುಕೊಳ್ಳಲಾ?