ವಿಷಯ: ಕಬ್ಬು ಖರೀದಿ ಮತ್ತು ಬಟವಾಡೆ ತಂತ್ರಾಂಶ – ಒಪ್ಪಂದದ ಬಾಬ್ತುಗಳ ಸ್ಥಿತಿಗತಿ, 2025ರ ನವೆಂಬರ್ 14ರಂತೆ

ಇವರಿಗೆ: ಕಾರ್ಯದರ್ಶಿಗಳು, ಸಹಕಾರ ಸಂಘದ ಕಚೇರಿ, ಮಂಡ್ಯ
ಪ್ರತಿ: ಸಂಘದ ಅಧ್ಯಕ್ಷರು, ಮುಖ್ಯ ಲೆಕ್ಕಿಗರು

ಮಾನ್ಯರೇ,

ನಮಸ್ಕಾರಗಳು. ನಿಮ್ಮ ಸಂಘಕ್ಕೂ ನಮಗೂ 2025ರ ಜೂನ್ 2ರಂದು ಆದ ಒಪ್ಪಂದದ ಅನುಬಂಧ 2ರಲ್ಲಿ ಹನ್ನೆರಡು ಬಾಬ್ತುಗಳಿವೆ. ಅವುಗಳಲ್ಲಿ ಯಾವುದು ಮುಗಿದಿದೆ, ಯಾವುದು ತಡವಾಗಿದೆ, ಯಾವುದರ ಗಡುವು ಇನ್ನೂ ಬಂದಿಲ್ಲ ಎಂಬುದನ್ನು ಒಪ್ಪಂದದ ಪ್ರತಿ, ಅಂಗೀಕಾರ ಪತ್ರಗಳು, ನಮ್ಮ ನಿಮ್ಮ ಸಭೆಗಳ ನಡವಳಿ ಮತ್ತು ದೋಷಗಳ ದಾಖಲೆ ಪುಸ್ತಕವನ್ನು ಒಟ್ಟಿಗೆ ಇಟ್ಟುಕೊಂಡು ನೋಡಿ ಈ ಪತ್ರದಲ್ಲಿ ಬರೆದಿದ್ದೇನೆ.

ಮೊದಲು ಒಂದು ತಿದ್ದುಪಡಿಯನ್ನು ತಿಳಿಸಬೇಕು. ಅಕ್ಟೋಬರ್ 15ರ ನಮ್ಮ ಮಾಸಿಕ ವರದಿಯಲ್ಲಿ ಏಳು ಬಾಬ್ತುಗಳು ಪೂರ್ಣಗೊಂಡಿವೆ ಎಂದು ಬರೆದಿದ್ದೆವು. ಆ ಲೆಕ್ಕ ತಪ್ಪು. ನಾವು ಕೆಲಸ ಮುಗಿಸಿ ಒಪ್ಪಿಸಿದ್ದನ್ನೇ ಪೂರ್ಣವೆಂದು ಎಣಿಸಿದ್ದೆವು. ಆದರೆ ಒಪ್ಪಂದದ ಕಲಂ 6ರ ಪ್ರಕಾರ ಅಂಗೀಕಾರ ಪತ್ರಕ್ಕೆ ನಿಮ್ಮ ಸಹಿ ಬಿದ್ದ ಮೇಲೆ ಮಾತ್ರ ಒಂದು ಬಾಬ್ತು ಪೂರ್ಣವಾಗುತ್ತದೆ. ಆ ಅಳತೆಯಲ್ಲಿ ಇಂದಿಗೆ ಪೂರ್ಣವಾಗಿರುವುದು ಐದು, ಒಪ್ಪಿಸಿದ್ದರೂ ಅಂಗೀಕಾರಕ್ಕೆ ಕಾದಿರುವುದು ಎರಡು, ತಡವಾಗಿರುವುದು ಮೂರು, ಗಡುವು ಇನ್ನೂ ಬಾರದಿರುವುದು ಎರಡು. ಆಡಳಿತ ಮಂಡಳಿಯ ಸಭೆಯಲ್ಲಿ ಹಿಂದಿನ ವರದಿಯ ಸಂಖ್ಯೆ ಓದಲಾಗಿದ್ದರೆ, ಅದರ ಬದಲು ಇದನ್ನು ದಾಖಲಿಸಿಕೊಳ್ಳಬೇಕೆಂದು ಕೋರುತ್ತೇನೆ.

ಪೂರ್ಣಗೊಂಡ ಐದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗತ್ಯಗಳ ದಾಖಲೆ, ವಿನ್ಯಾಸ ದಾಖಲೆ, ಸದಸ್ಯರ ನೋಂದಣಿ ವಿಭಾಗ, ಎರಡೂ ವೇಬ್ರಿಡ್ಜ್‌ಗಳ ಜೋಡಣೆ ಮತ್ತು ತೂಕದ ಚೀಟಿಯ ಮುದ್ರಣ, ಇವೆಲ್ಲಕ್ಕೂ ಸಹಿಯಾದ ಅಂಗೀಕಾರ ಪತ್ರಗಳಿವೆ. ಪಾಂಡವಪುರದ ವೇಬ್ರಿಡ್ಜ್‌ನಲ್ಲಿ ಸೆಪ್ಟೆಂಬರ್‌ನಲ್ಲಿ ಎರಡು ಬಾರಿ ತೂಕ ಪರದೆಗೆ ಬರದೆ ನಿಂತದ್ದು ಕೇಬಲ್ ಸಡಿಲವಾಗಿದ್ದರಿಂದ. ಅದನ್ನು ಬದಲಿಸಿದ ಮೇಲೆ ದೋಷಗಳ ಪುಸ್ತಕದಲ್ಲಿ ಆ ದೂರು ಮತ್ತೆ ಬಂದಿಲ್ಲ.

ಅಂಗೀಕಾರಕ್ಕೆ ಕಾದಿರುವ ಎರಡರಲ್ಲಿ ಒಂದು ಕನ್ನಡದ ಬಳಕೆದಾರರ ಕೈಪಿಡಿ. ಅದನ್ನು ಅಕ್ಟೋಬರ್ 9ರಂದು ಒಪ್ಪಿಸಿದ್ದೇವೆ, ನಿಮ್ಮ ಅಭಿಪ್ರಾಯ ಬರಬೇಕಿದೆ. ಇನ್ನೊಂದು ಬಟವಾಡೆ ಲೆಕ್ಕದ ವಿಭಾಗ. ಇದನ್ನು ಅಕ್ಟೋಬರ್ 6ರಂದು ಒಪ್ಪಿಸಿದ್ದೆವು. ಹದಿನೈದು ಕೆಲಸದ ದಿನಗಳೊಳಗೆ ಉತ್ತರ ಬಾರದಿದ್ದರೆ ಅಂಗೀಕರಿಸಿದಂತೆಯೇ ಎಂದು ಒಪ್ಪಂದದಲ್ಲಿ ಇದೆಯಾದರೂ ನಾವು ಆ ಮಾತನ್ನು ಹಿಡಿಯುವುದಿಲ್ಲ. ಏಕೆಂದರೆ ನಿಮ್ಮ ಮುಖ್ಯ ಲೆಕ್ಕಿಗರು ಅಕ್ಟೋಬರ್ 13ರಂದು ಒಂದು ನಿಜವಾದ ವ್ಯತ್ಯಾಸವನ್ನು ತೋರಿಸಿದ್ದಾರೆ, ಅದು ಇನ್ನೂ ಬಗೆಹರಿದಿಲ್ಲ.

ಅವರು ಕಳುಹಿಸಿದ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಒಬ್ಬ ರೈತರು ಮೂರು ಲೋಡ್ ಕಬ್ಬು ತಂದಿದ್ದಾರೆ: 4.25, 4.35 ಮತ್ತು 4.45 ಟನ್. ಸೋಗೆ ಮತ್ತು ಕಟ್ಟಿನ ಬಾಬ್ತು ಶೇ. 1ರಷ್ಟು ಕಡಿತ ಮಾಡಿ, ಪ್ರತಿ ಚೀಟಿಯಲ್ಲೂ ಎರಡು ದಶಮಾಂಶಕ್ಕೆ ಸರಿಹೊಂದಿಸಿದರೆ 4.21, 4.31, 4.41 ಆಗುತ್ತದೆ, ಒಟ್ಟು 12.93 ಟನ್. ಆದರೆ ಲೆಡ್ಜರ್‌ನಲ್ಲಿ ಮೂರೂ ಲೋಡುಗಳ ಒಟ್ಟು ತೂಕವಾದ 13.05 ಟನ್‌ಗೆ ಒಂದೇ ಬಾರಿ ಕಡಿತ ಹಾಕುವುದರಿಂದ 12.92 ಟನ್ ಬರುತ್ತದೆ. ವ್ಯತ್ಯಾಸ 10 ಕಿಲೋ. ಕೈಯಲ್ಲಿ ಮೂರು ಚೀಟಿ ಹಿಡಿದು ಬಂದ ರೈತರು ಕೂಡಿ ನೋಡಿದಾಗ ಸಂಘದ ಲೆಕ್ಕ ಕಡಿಮೆ ಕಂಡರೆ ಅವರು ಸಂಘವನ್ನು ಅನುಮಾನಿಸುತ್ತಾರೆ, ಮತ್ತು ಅವರ ಅನುಮಾನ ನ್ಯಾಯವಾದದ್ದೇ. ಹಾಗಾಗಿ ಇದನ್ನು ಸಣ್ಣ ವಿಷಯವೆಂದು ನಾನು ಭಾವಿಸುವುದಿಲ್ಲ. ಚೀಟಿಯ ತೂಕವನ್ನೇ ಅಂತಿಮವೆಂದು ಇಟ್ಟುಕೊಳ್ಳಬೇಕೆಂಬುದು ನನ್ನ ಸಲಹೆ. ಆದರೆ ಇದು ಹಣ ಪಾವತಿಯ ನಿಯಮವಾದ್ದರಿಂದ ತೀರ್ಮಾನ ಸಂಘದ್ದೇ ಆಗಬೇಕು. ನವೆಂಬರ್ 21ರೊಳಗೆ ಲಿಖಿತವಾಗಿ ತಿಳಿಸಿದರೆ ಮೂರು ಕೆಲಸದ ದಿನಗಳಲ್ಲಿ ಬದಲಾವಣೆ ಮಾಡಿ, ಅದೇ ಉದಾಹರಣೆಯನ್ನು ನಿಮ್ಮ ಲೆಕ್ಕಿಗರ ಎದುರಿಗೇ ನಡೆಸಿ ತೋರಿಸುತ್ತೇವೆ.

ತಡವಾಗಿರುವ ಬಾಬ್ತುಗಳಲ್ಲಿ ಅತಿ ಮುಖ್ಯವಾದದ್ದು ಹಳೆಯ ಸದಸ್ಯರ ದಾಖಲೆಗಳ ವರ್ಗಾವಣೆ. ಇದರ ಗಡುವು ಸೆಪ್ಟೆಂಬರ್ 30 ಆಗಿತ್ತು, ಇಂದಿಗೆ 45 ದಿನ ಮೀರಿದೆ. ಒಟ್ಟು 8,640 ದಾಖಲೆಗಳಲ್ಲಿ 6,912 ಪರಿಶೀಲನೆ ಮುಗಿದು ಹೊಸ ತಂತ್ರಾಂಶಕ್ಕೆ ಸೇರಿವೆ, 1,728 ಉಳಿದಿವೆ.

ಈ ತಡಕ್ಕೆ ಮೂಲ ಕಾರಣ ನಮ್ಮದೇ. ನೀವು ಕೊಟ್ಟ ಎಕ್ಸೆಲ್ ಕಡತಗಳನ್ನು ಜೂನ್‌ನಲ್ಲಿ ತೆರೆದು ನೋಡಿದಾಗ ಕನ್ನಡ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಅದು ಯುನಿಕೋಡ್ ಅಲ್ಲ, ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು ಎಂಬುದನ್ನು ನಾವು ಆಗಲೇ ಪರೀಕ್ಷಿಸಿ ಅಗತ್ಯಗಳ ದಾಖಲೆಯಲ್ಲಿ ಬರೆಯಬೇಕಿತ್ತು, ಬರೆಯಲಿಲ್ಲ. ಆ ಫಾಂಟ್ ತೆಗೆದರೆ ‘ಕರ್ನಾಟಕ’ ಎಂಬ ಪದ ಪರದೆಯ ಮೇಲೆ PÀ£ÁðlPÀ ಎಂದು ಕಾಣುತ್ತದೆ. ಅಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ವ್ಯಂಜನದ ನಂತರ ಕುಳಿತಿರುತ್ತದೆ. ಯುನಿಕೋಡ್‌ನಲ್ಲಾದರೋ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು ಬರಬೇಕು. ಪರಿವರ್ತಕ ತಂತ್ರಾಂಶ ಬಹುಪಾಲನ್ನು ಸರಿಯಾಗಿ ತಿರುಗಿಸುತ್ತದೆ, ಆದರೆ ಟೈಪ್ ಮಾಡಿದವರು ಒತ್ತಕ್ಷರವನ್ನು ಹಿಂದೆ ಮುಂದೆ ಒತ್ತಿದ್ದ ಕಡೆ ಹೆಸರೇ ಬೇರೆಯಾಗುತ್ತದೆ. ಆದ್ದರಿಂದ ಪ್ರತಿ ಹೆಸರನ್ನೂ ಮೂಲ ರಿಜಿಸ್ಟರ್‌ನೊಂದಿಗೆ ಕಣ್ಣಿನಿಂದ ತಾಳೆ ನೋಡದೆ ಬೇರೆ ದಾರಿಯಿಲ್ಲ ಎಂದು ತೀರ್ಮಾನಿಸಿದೆವು.

ಉಳಿದ 1,728ರಲ್ಲಿ 214 ದಾಖಲೆಗಳು ಇನ್ನೊಂದು ಬಗೆಯ ತೊಡಕಿನವು. ಒಂದೇ ಊರು, ಒಂದೇ ಹೆಸರು, ‘ಬಿನ್’ ಎಂದ ಮುಂದೆಯೂ ಒಂದೇ ತಂದೆಯ ಹೆಸರು. ಆದರೆ ಒಂದು ಕಡೆ ಸರ್ವೆ ನಂಬರ್ ಮಾತ್ರ ಇದೆ, ಇನ್ನೊಂದು ಕಡೆ ಹಿಸ್ಸಾ ಸಮೇತ ಇದೆ. ಒಬ್ಬರನ್ನೇ ಎರಡು ಬಾರಿ ಬರೆದಿದ್ದಾರೆಯೋ ಅಥವಾ ಇಬ್ಬರು ಬೇರೆ ರೈತರೋ ಎಂಬುದನ್ನು ಮೈಸೂರಿನ ಕಚೇರಿಯಲ್ಲಿ ಕುಳಿತು ನಾವು ಹೇಳಲಾರೆವು. ತಪ್ಪಾಗಿ ಸೇರಿಸಿಬಿಟ್ಟರೆ ಒಬ್ಬರ ಕಬ್ಬಿನ ಹಣ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಊರುವಾರು ಪಟ್ಟಿಯನ್ನು ನವೆಂಬರ್ 10ರಂದು ಕಳುಹಿಸಿದ್ದೇವೆ. ದಯವಿಟ್ಟು ನಿಮ್ಮ ಫೀಲ್ಡ್‌ಮನ್‌ಗಳಿಂದ ಪರಿಶೀಲಿಸಿ ನವೆಂಬರ್ 26ರೊಳಗೆ ಹಿಂದಿರುಗಿಸಿ. ನಮ್ಮ ಇಬ್ಬರು ಸಿಬ್ಬಂದಿ ಸೇರಿ ದಿನಕ್ಕೆ ಸುಮಾರು 120 ದಾಖಲೆಗಳನ್ನು ನೋಡುತ್ತಿದ್ದಾರೆ. ಸೋಮವಾರ, ನವೆಂಬರ್ 17ರಿಂದ ಹದಿನೈದು ಕೆಲಸದ ದಿನ ಹಿಡಿದರೆ ಡಿಸೆಂಬರ್ 5ಕ್ಕೆ ಮುಗಿಯುತ್ತದೆ. ಆ ದಿನಾಂಕಕ್ಕೆ ನಾನು ಬದ್ಧಳಾಗಿದ್ದೇನೆ, ಪಟ್ಟಿ ಸಕಾಲಕ್ಕೆ ಬಂದರೆ.

ಎರಡನೆಯ ತಡ ರೈತರಿಗೆ ಹೋಗಬೇಕಾದ ಎಸ್‌ಎಂಎಸ್ ಸೇವೆಯದ್ದು. ಗಡುವು ಅಕ್ಟೋಬರ್ 15 ಆಗಿತ್ತು. ಟ್ರಾಯ್ ನಿಯಮದಂತೆ ಸಂದೇಶ ಕಳುಹಿಸುವ ಸಂಸ್ಥೆ ಡಿಎಲ್‌ಟಿ ವೇದಿಕೆಯಲ್ಲಿ ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡು, ಹೆಡರ್ ಮತ್ತು ಸಂದೇಶದ ಮಾದರಿ ಎರಡಕ್ಕೂ ಒಪ್ಪಿಗೆ ಪಡೆಯಬೇಕು. ನೋಂದಣಿ ಸಂಘದ ಜವಾಬ್ದಾರಿ ಎಂದು ಅನುಬಂಧ 3 ಹೇಳುತ್ತದೆ. ಅಧಿಕಾರ ಪತ್ರವನ್ನು ನಾವು ಆಗಸ್ಟ್ 12ರಂದು ಕೇಳಿದ್ದು, ಅಕ್ಟೋಬರ್ 29ಕ್ಕೆ ಬಂದಿತು. ಈಗ ಪ್ಯಾನ್ ಕಾರ್ಡಿನಲ್ಲಿರುವ ಸಂಘದ ಹೆಸರಿಗೂ ನೋಂದಣಿ ಪ್ರಮಾಣಪತ್ರದಲ್ಲಿರುವ ಹೆಸರಿಗೂ ತಾಳೆಯಾಗದೆ ಅರ್ಜಿ ನಿಂತಿದೆ. ಜೊತೆಗೆ ನಮ್ಮ ಪಾಲಿನದ್ದನ್ನೂ ಹೇಳಬೇಕು: ಸಂದೇಶದ ಕರಡನ್ನು ಸೆಪ್ಟೆಂಬರ್ 1ಕ್ಕೆ ಕೊಡಬೇಕಿದ್ದ ನಾವು 19ಕ್ಕೆ ಕೊಟ್ಟೆವು.

ಆ ಕರಡನ್ನು ಈಚೆಗೆ ಚಿಕ್ಕದು ಮಾಡಿದ್ದೇವೆ. ಕನ್ನಡದ ಎಸ್‌ಎಂಎಸ್‌ನಲ್ಲಿ ಒಂದು ಬಿಡಿ ಸಂದೇಶಕ್ಕೆ 70 ಅಕ್ಷರ, ಉದ್ದವಾದರೆ ಪ್ರತಿ ಭಾಗಕ್ಕೆ 67 ಮಾತ್ರ ಹಿಡಿಯುತ್ತದೆ, ಮತ್ತು ಕಾಗುಣಿತದ ಗುರುತು, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ‘ಬ್ಯಾಂಕ್’ ಎಂಬುದು ಕಣ್ಣಿಗೆ ಎರಡಕ್ಷರ, ಎಣಿಕೆಗೆ ಏಳು. ಮೊದಲ ಕರಡು 148 ಆಗಿ ಮೂರು ಸಂದೇಶಗಳ ದರ ಬೀಳುತ್ತಿತ್ತು. ಹೊಸದು 131, ಎರಡರಲ್ಲಿ ಮುಗಿಯುತ್ತದೆ. ತೂಕ, ದಿನಾಂಕ, ಮೊತ್ತ ಯಾವುದನ್ನೂ ಬಿಟ್ಟಿಲ್ಲ.

ಮೂರನೆಯದು ಸಿಬ್ಬಂದಿ ತರಬೇತಿ. ಮೂರು ತಂಡಗಳಲ್ಲಿ ಎರಡಕ್ಕೆ ಮುಗಿದಿದೆ. ಅಕ್ಟೋಬರ್ 24ಕ್ಕೆ ಗೊತ್ತಾಗಿದ್ದ ಮೂರನೆಯ ತಂಡದ ತರಬೇತಿಯನ್ನು, ದೀಪಾವಳಿಗೆ ಊರಿಗೆ ಹೋದವರು ಹಿಂದಿರುಗಿರುವುದಿಲ್ಲ ಎಂದು, ನಿಮ್ಮ ಕೋರಿಕೆಯಂತೆ ಮುಂದೂಡಿದ್ದು ಅಕ್ಟೋಬರ್ 17ರ ಸಭೆಯ ನಡವಳಿಯಲ್ಲಿದೆ. ಆದರೆ ಗಡುವು ಬದಲಾಗಬೇಕಾದರೆ ಎರಡೂ ಕಡೆಯವರು ಸಹಿ ಮಾಡಿದ ಪತ್ರ ಬೇಕೆಂದು ಒಪ್ಪಂದ ಹೇಳುತ್ತದೆ, ಅಂಥ ಪತ್ರ ಆಗಿಲ್ಲ. ಹೀಗಾಗಿ ಇದನ್ನು ತಡವಾದ ಬಾಬ್ತುಗಳಲ್ಲೇ ತೋರಿಸಿದ್ದೇನೆ. ನವೆಂಬರ್ 27 ನಿಮಗೆ ಅನುಕೂಲವಾದರೆ ಆ ದಿನಾಂಕ ಹಾಕಿದ ಪತ್ರ ಲಗತ್ತಿನಲ್ಲಿದೆ, ಸಹಿ ಮಾಡಿ ಕಳುಹಿಸಬಹುದು.

ಗಡುವು ಬಾರದಿರುವ ಎರಡರಲ್ಲಿ ಭದ್ರತಾ ಪರಿಶೋಧನೆ ಡಿಸೆಂಬರ್ 15ಕ್ಕೆ ಮುಗಿಯಬೇಕು. ಸರ್ಟ್-ಇನ್ ಮಾನ್ಯತಾ ಪಟ್ಟಿಯಲ್ಲಿರುವ ಪರಿಶೋಧಕರು ಡಿಸೆಂಬರ್ 8ರಿಂದ ಬರಲು ಒಪ್ಪಿದ್ದಾರೆ, ಆದರೆ ಎಲ್ಲ ದಾಖಲೆಗಳೂ ತಂತ್ರಾಂಶದೊಳಗೆ ಬಂದಿರದೆ ಅವರ ಕೆಲಸ ಶುರುವಾಗುವುದಿಲ್ಲ. ದೋಷಗಳು ಸಿಕ್ಕರೆ ಸರಿಪಡಿಸಿ ಮರುಪರೀಕ್ಷೆ ಮಾಡಿಸಲು ಒಂದು ವಾರ ಸಾಲದು. ಡಿಸೆಂಬರ್ 22ರ ಹೊತ್ತಿಗೆ ಆಗಬಹುದೆಂಬುದು ನನ್ನ ಪ್ರಾಮಾಣಿಕ ಅಂದಾಜು, ಅದನ್ನು ಈಗಲೇ ತಿಳಿಸುವುದು ಒಳ್ಳೆಯದೆಂದು ಬರೆಯುತ್ತಿದ್ದೇನೆ. ಮೂಲ ಸಂಕೇತ, ಆಡಳಿತ ಪಾಸ್‌ವರ್ಡ್‌ಗಳು ಮತ್ತು ಬ್ಯಾಕಪ್‌ನಿಂದ ದಾಖಲೆ ಮರಳಿ ಪಡೆಯುವ ಪ್ರಾತ್ಯಕ್ಷಿಕೆ ಸೇರಿದ ಅಂತಿಮ ಹಸ್ತಾಂತರ ಡಿಸೆಂಬರ್ 31ಕ್ಕೇ ಇದೆ, ಅದರಲ್ಲಿ ಸದ್ಯಕ್ಕೆ ಬದಲಾವಣೆ ಕೇಳುವುದಿಲ್ಲ.

ಹಣದ ವಿಷಯ. ಮೂರನೆಯ ಕಂತು ಬಟವಾಡೆ ವಿಭಾಗ ಮತ್ತು ದಾಖಲೆ ವರ್ಗಾವಣೆ ಎರಡಕ್ಕೂ ಸೇರಿದ್ದು. ಎರಡಕ್ಕೂ ಅಂಗೀಕಾರ ಸಿಗುವವರೆಗೆ ನಾವು ಬಿಲ್ ಕಳುಹಿಸುವುದಿಲ್ಲ. ಕಲಂ 9ರ ಪ್ರಕಾರ ತಡವಾದ ಪ್ರತಿ ಪೂರ್ಣ ವಾರಕ್ಕೆ ಬಾಬ್ತಿನ ಮೌಲ್ಯದ ಶೇ. 0.5ರಷ್ಟು ದಂಡವಿದೆ. ದಾಖಲೆ ವರ್ಗಾವಣೆಯ ಮೌಲ್ಯ ₹2,40,000. ಡಿಸೆಂಬರ್ 5ಕ್ಕೆ ಒಂಬತ್ತು ಪೂರ್ಣ ವಾರ ಆಗುವುದರಿಂದ ದಂಡ ₹10,800. ನೀವು ಕೇಳುವವರೆಗೆ ಕಾಯದೆ ಅದನ್ನು ಬಿಲ್ಲಿನಲ್ಲೇ ಕಳೆದು ತೋರಿಸುತ್ತೇವೆ. ಎಸ್‌ಎಂಎಸ್‌ನ ತಡದಲ್ಲಿ ಇಬ್ಬರ ಪಾಲೂ ಇರುವುದರಿಂದ ಅದರ ದಂಡವನ್ನು ಎದುರು ಬದುರು ಕುಳಿತು ತೀರ್ಮಾನಿಸೋಣ.

ಇದಕ್ಕಾಗಿ ನವೆಂಬರ್ 19, ಬುಧವಾರ ಬೆಳಿಗ್ಗೆ 11 ಗಂಟೆಗೆ ಮಂಡ್ಯದ ನಿಮ್ಮ ಕಚೇರಿಗೆ ನಾನು ಮತ್ತು ನಮ್ಮ ದತ್ತಾಂಶ ವಿಭಾಗದ ಮುಖ್ಯಸ್ಥರು ಬರುತ್ತೇವೆ. ಮುಖ್ಯ ಲೆಕ್ಕಿಗರು ಹಾಜರಿದ್ದರೆ ತೂಕದ ವ್ಯತ್ಯಾಸವನ್ನು ಅಲ್ಲೇ ನೋಡಬಹುದು. ಪ್ಯಾನ್ ಕಾರ್ಡ್ ಮತ್ತು ನೋಂದಣಿ ಪ್ರಮಾಣಪತ್ರದ ಮೂಲ ಪ್ರತಿಗಳನ್ನು ದಯವಿಟ್ಟು ತೆಗೆದಿಡಿಸಿ. ಸಮಯ ಅನುಕೂಲವಾಗದಿದ್ದರೆ ಮಂಗಳವಾರ ಸಂಜೆಯೊಳಗೆ ತಿಳಿಸಿ.

ವಂದನೆಗಳೊಂದಿಗೆ,
ಯೋಜನಾ ವ್ಯವಸ್ಥಾಪಕಿ
ಮೈಸೂರು ಕಚೇರಿ

ಲಗತ್ತುಗಳು: ಸಹಿಯಾದ ಐದು ಅಂಗೀಕಾರ ಪತ್ರಗಳ ಪ್ರತಿ, ಅಕ್ಟೋಬರ್ 17ರ ಸಭೆಯ ನಡವಳಿ, 214 ದಾಖಲೆಗಳ ಊರುವಾರು ಪಟ್ಟಿ, ತರಬೇತಿಯ ದಿನಾಂಕ ಬದಲಾವಣೆ ಪತ್ರ, ಎಸ್‌ಎಂಎಸ್ ಸಂದೇಶದ ಹೊಸ ಕರಡು.