ಭಾಗ್ಯಶ್ರೀ ಅವರ ಕೆಲಸದ ಬಗ್ಗೆ ನಿಮ್ಮ ಜೊತೆ ಫೋನಿನಲ್ಲಿ ಮಾತಾಡಬೇಕಿತ್ತು

ಕಲಬುರಗಿ
14 ನವೆಂಬರ್ 2025, ಶುಕ್ರವಾರ

ಮಾನ್ಯ ವಿರೂಪಾಕ್ಷಪ್ಪ ಸಾವ್ಕಾರರಿಗೆ ಶರಣು ಶರಣಾರ್ಥಿ.

ನಾನು ಸುನೀತಾ. ಕಪನೂರು ಇಂಡಸ್ಟ್ರಿಯಲ್ ಏರಿಯಾದ ತೊಗರಿ ಬೇಳೆ ಮಿಲ್‌ನಲ್ಲಿ ಆಫೀಸ್ ಮ್ಯಾನೇಜರ್. ನಾವಿಬ್ಬರೂ ಈವರೆಗೆ ಮಾತಾಡಿಲ್ಲ. ಮಿಲ್‌ನ ಹೆಸರು, ವಿಳಾಸ, ಲ್ಯಾಂಡ್‌ಲೈನ್ ನಂಬರ್ ಈ ಪತ್ರದ ಲೆಟರ್‌ಹೆಡ್‌ನಲ್ಲೇ ಇವೆ.

ನಮ್ಮ ಗೋದಾಮಿನ ಉಸ್ತುವಾರಿ ಕೆಲಸಕ್ಕೆ ಭಾಗ್ಯಶ್ರೀ ಅರ್ಜಿ ಹಾಕಿದ್ದಾರೆ. 2019ರ ಜೂನ್‌ನಿಂದ 2023ರ ಮಾರ್ಚ್‌ವರೆಗೆ ಶಹಾಪುರದ ನಿಮ್ಮ ಜಿನ್ನಿಂಗ್ ಮಿಲ್‌ನಲ್ಲಿ ಕಾಟಾ ಮತ್ತು ಸ್ಟಾಕ್ ನೋಡಿಕೊಳ್ಳುತ್ತಿದ್ದೆ ಎಂದು ಬರೆದಿದ್ದಾರೆ. ವಿಚಾರಿಸಲು ನಿಮ್ಮ ಹೆಸರು, ನಂಬರ್ ಕೊಟ್ಟವರೂ ಅವರೇ. ನಿಮ್ಮನ್ನು ಕೇಳಬಹುದು ಎಂದು ಬರೆದು ಸಹಿ ಮಾಡಿದ ಒಪ್ಪಿಗೆ ಪತ್ರದ ಫೋಟೋ ಇದರ ಜೊತೆಗಿದೆ. ಒಮ್ಮೆ ಅವರಿಗೇ ಫೋನ್ ಮಾಡಿ ಖಾತ್ರಿ ಮಾಡಿಕೊಂಡರೂ ನನಗೆ ಬೇಜಾರಿಲ್ಲ. ಈಗಿನ ಕಾಲದಲ್ಲಿ ಹಾಗೆ ಮಾಡುವುದೇ ಸರಿ.

ಇಂಟರ್‌ವ್ಯೂ ಮುಗಿದಿದೆ, ನಮಗೆ ಹಿಡಿಸಿದೆ. ಆದರೂ ಜೊತೆಗೆ ಕೆಲಸ ಮಾಡಿಸಿದವರ ಮಾತು ಕೇಳದೆ ಗೋದಾಮಿನ ಕೀಲಿ ಯಾರ ಕೈಗೂ ಕೊಡುವುದಿಲ್ಲ. ಅದು ನಮ್ಮ ಸಾವ್ಕಾರರ ಪದ್ಧತಿ. ಬರೆದ ಸರ್ಟಿಫಿಕೇಟ್ ಸಾಕಲ್ವಾ ಎಂದು ನೀವು ಕೇಳಬಹುದು. ಸರ್ಟಿಫಿಕೇಟ್‌ನಲ್ಲಿ ಎಲ್ಲರೂ ‘ಪ್ರಾಮಾಣಿಕರು, ಶ್ರಮಜೀವಿಗಳು’ ಆಗಿರುತ್ತಾರೆ. ಅದರಿಂದ ನನಗೇನೂ ತಿಳಿಯುವುದಿಲ್ಲ. ಇಪ್ಪತ್ತು ನಿಮಿಷ ಮಾತಾಡಿದರೆ ತಿಳಿಯುತ್ತದೆ.

ಹತ್ತಿ ಸೀಸನ್ ಜೋರಾಗಿದೆ, ಹಗಲು ಹೊತ್ತು ನಿಮ್ಮ ಗೇಟಿನ ಮುಂದೆ ಗಾಡಿಗಳ ಸಾಲು ಇರುತ್ತದೆ ಎಂದು ಗೊತ್ತು. ಅದನ್ನು ನೋಡಿಕೊಂಡೇ ಮೂರು ಹೊತ್ತು ಆರಿಸಿದ್ದೇನೆ:

ಮಂಗಳವಾರ, 18 ನವೆಂಬರ್: ಬೆಳಿಗ್ಗೆ 7.30ಕ್ಕೆ, ಕಾಟಾ ಶುರುವಾಗುವ ಮೊದಲು.
ಬುಧವಾರ, 19 ನವೆಂಬರ್: ರಾತ್ರಿ 8.30ಕ್ಕೆ.
ಗುರುವಾರ, 20 ನವೆಂಬರ್: ಸಂಜೆ 4ಕ್ಕೆ. ಅವತ್ತು ಅಮಾವಾಸ್ಯೆ. ಹಮಾಲರಿಗೆ ರಜೆ ಇದ್ದರೆ ಪೂಜೆ, ಊಟ ಮುಗಿಸಿ ನೀವು ಆರಾಮಾಗಿ ಕೂತಿರುತ್ತೀರಿ ಅಂದುಕೊಂಡಿದ್ದೇನೆ. ನನ್ನ ಕೇಳಿದರೆ ಇದೇ ಚಲೋ.

ಯಾವುದು ಅನುಕೂಲ ಎಂದು ಸೋಮವಾರ ಸಂಜೆಯೊಳಗೆ ಒಂದು ಸಾಲು ವಾಟ್ಸಾಪ್ ಮಾಡಿದರೆ ಸಾಕು. ‘ಗುರುವಾರ’ ಅಂತಷ್ಟೇ ಬರೆದರೂ ಆಯಿತು. ಮೂರೂ ಆಗದಿದ್ದರೆ ನಿಮಗೆ ಆಗುವ ಹೊತ್ತು ಹೇಳಿ, ರಾತ್ರಿ ಹತ್ತಾದರೂ ನಾನು ಎದ್ದಿರುತ್ತೇನೆ. 25ರ ಮಂಗಳವಾರ ದಾಟಬಾರದು ಅಷ್ಟೇ. ಡಿಸೆಂಬರ್‌ನಲ್ಲಿ ಹೊಸ ತೊಗರಿ ಬರಲು ಶುರುವಾಗುತ್ತದೆ. ಅಷ್ಟರೊಳಗೆ ಹೊಸಬರು ಗೋದಾಮಿನ ಮೂಲೆ ಮೂಲೆ ತಿಳಿದುಕೊಂಡಿರಬೇಕು.

ಕರೆ ನಾನೇ ಮಾಡುತ್ತೇನೆ, ಈ ಪತ್ರ ಬಂದ ನಂಬರಿನಿಂದಲೇ. ನಮ್ಮ ಗೋದಾಮಿನ ಹಿರಿಯರು ರಶೀದ್ ಸಾಹೇಬರು ಪಕ್ಕದಲ್ಲಿ ಕೂತಿರುತ್ತಾರೆ, ಫೋನ್ ಸ್ಪೀಕರ್‌ನಲ್ಲಿ ಇರುತ್ತದೆ. ಕೆಲಸದ ಒಳಗುಟ್ಟು ಅವರಿಗೇ ಜಾಸ್ತಿ ಗೊತ್ತು, ಒಂದೆರಡು ಪ್ರಶ್ನೆ ಅವರೂ ಕೇಳಬಹುದು. ಅದು ಬೇಡ ಎಂದರೆ ನಾನೊಬ್ಬಳೇ ಮಾತಾಡುತ್ತೇನೆ. ಕರೆಯನ್ನು ರೆಕಾರ್ಡ್ ಮಾಡುವುದಿಲ್ಲ. ಕೈಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತೇನೆ, ಅದು ನಮ್ಮ ಸಾವ್ಕಾರರನ್ನು ಬಿಟ್ಟು ಬೇರೆಯವರ ಕೈಗೆ ಹೋಗುವುದಿಲ್ಲ.

ಏನು ಕೇಳುತ್ತೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ನೆನಪು ಮಾಡಿಕೊಳ್ಳಲು ನಿಮಗೂ ಸಮಯ ಸಿಗುತ್ತದೆ.

ಮೊದಲು ಸಣ್ಣ ವಿಷಯ: ಅವರು ಬರೆದ ತಾರೀಖು, ಹುದ್ದೆ ಸರಿಯೇ, ಕೆಲಸ ಬಿಟ್ಟಾಗ ಲೆಕ್ಕ ಒಪ್ಪಿಸಿ ಹೋದರೇ. ಹೌದು, ಇಲ್ಲ ಎಂದರೆ ಮುಗಿಯಿತು.

ಮುಖ್ಯ ಪ್ರಶ್ನೆ ಸ್ಟಾಕ್ ಲೆಕ್ಕದ್ದು. ನಮ್ಮಲ್ಲಿ ನೂರು ಕ್ವಿಂಟಲ್ ತೊಗರಿ ಒಳಗೆ ಹೋದರೆ ಬೇಳೆ ಹೊರಬರುವುದು 70ರ ಆಸುಪಾಸು. ಉಳಿದದ್ದು ಹೊಟ್ಟು, ಚುನ್ನಿ, ನುಚ್ಚು. ಒಣಗಿಸಿದಾಗ ಹೋಗುವ ತೂಕ ಬೇರೆ. ಇವೆಲ್ಲ ಪ್ರತಿದಿನ ಪುಸ್ತಕದಲ್ಲಿ ತಾಳೆಯಾಗಬೇಕು. ಎರಡು ಚೀಲ ಕಮ್ಮಿ ಬಿದ್ದರೆ ‘ಒಣಗಿ ಹೋಯ್ತು’ ಎನ್ನುವುದು ಸುಲಭ. ಒಣಗಿದ್ದು ಯಾವುದು, ಹಿಂದಿನ ಬಾಗಿಲಿಂದ ಹೋದದ್ದು ಯಾವುದು ಎಂದು ಹುಡುಕುವವರು ನಮಗೆ ಬೇಕು. ನಿಮ್ಮಲ್ಲಿಯೂ ಹತ್ತಿ ಒಳಗೆ ಹೋಗಿ ಅರಳೆ, ಹತ್ತಿಕಾಳು ಆಗಿ ಹೊರಬರುವಾಗ ಇದೇ ತಲೆನೋವು ಇರುತ್ತದಲ್ವಾ? ಲೆಕ್ಕ ತಾಳೆಯಾಗದ ದಿನ ಭಾಗ್ಯಶ್ರೀ ಏನು ಮಾಡುತ್ತಿದ್ದರು? ತಾವೇ ಬಂದು ಹೇಳುತ್ತಿದ್ದರೇ, ನೀವು ಕೇಳುವವರೆಗೆ ಸುಮ್ನೆ ಇರುತ್ತಿದ್ದರೇ? ನಿಮಗೆ ನೆನಪಿರುವ ಒಂದು ಪ್ರಸಂಗ ಹೇಳಿದರೆ ಬಹಳ ಉಪಕಾರ.

ಎರಡನೆಯದು ತೇವಾಂಶದ ಜಗಳ. ಮೀಟರ್ 12 ದಾಟಿ ತೋರಿಸಿದರೆ ರೈತರಿಗೂ ಸಿಟ್ಟು, ಗಾಡಿಯವರಿಗೂ ಸಿಟ್ಟು. ರೈತರೆದುರು ದನಿ ಏರಿಸದೆ, ಹಾಗಂತ ಚೀಟಿಯಲ್ಲಿ ಅಂಕಿಯನ್ನೂ ತಿದ್ದದೆ ನಿಭಾಯಿಸುತ್ತಿದ್ದರೇ? ಹಮಾಲರು ಅವರ ಮಾತು ಕೇಳುತ್ತಿದ್ದರೇ? ಹೆಣ್ಣುಮಗಳು ಎಂದು ಈ ಪ್ರಶ್ನೆ ಕೇಳುತ್ತಿಲ್ಲ. ಹಿಂದೆ ಇದ್ದ ಗಂಡಸರ ಮಾತನ್ನೇ ನಮ್ಮ ಹಮಾಲರು ಕೇಳಿಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ಆಮೇಲೆ, ಅವರಿಗೆ ಯಾವ ಕೆಲಸ ಕಷ್ಟವಾಗುತ್ತಿತ್ತು? ಕಂಪ್ಯೂಟರ್ ಎಂಟ್ರಿಯೋ, ಫೋನಿನಲ್ಲಿ ವ್ಯಾಪಾರಿಗಳ ಜೊತೆ ಮಾತೋ, ಬೇರೆ ಏನೋ. ಮೊದಲ ಮೂರು ತಿಂಗಳು ಎಲ್ಲಿ ಕೈ ಹಿಡಿಯಬೇಕು ಎಂದು ತಿಳಿಯಲು ಕೇಳುತ್ತಿದ್ದೇನೆ, ಹುಳುಕು ಹುಡುಕಲು ಅಲ್ಲ.

ಕೊನೆಗೆ ಒಂದೇ ಮಾತು: ಜಾಗ ಖಾಲಿ ಇದ್ದರೆ ಅವರನ್ನು ಮತ್ತೆ ಕರೆದುಕೊಳ್ಳುತ್ತೀರಾ?

ಅವರ ಮದುವೆ, ಮನೆ, ಜಾತಿ, ಆರೋಗ್ಯದ ಬಗ್ಗೆ ನಾನು ಕೇಳುವುದಿಲ್ಲ. ನೀವೂ ದಯವಿಟ್ಟು ಹೇಳುವುದು ಬೇಡ. ನೀವು ಕೊಡುತ್ತಿದ್ದ ಸಂಬಳವನ್ನೂ ಕೇಳುವುದಿಲ್ಲ, ಅದು ನಿಮ್ಮ ವ್ಯವಹಾರ. ಯಾವುದೇ ಪ್ರಶ್ನೆಗೆ ‘ಗೊತ್ತಿಲ್ಲ’ ಅಥವಾ ‘ಹೇಳಲಾರೆ’ ಎಂದರೆ ಮುಂದಿನದಕ್ಕೆ ಹೋಗುತ್ತೇನೆ. ಅದನ್ನು ಭಾಗ್ಯಶ್ರೀ ಅವರ ವಿರುದ್ಧ ಹಿಡಿಯುವುದಿಲ್ಲ.

ಇನ್ನೊಂದು ವಿನಂತಿ ಇದೆ, ಇದು ಮುಖ್ಯ. ಭಾಗ್ಯಶ್ರೀ ಈಗ ಯಾದಗಿರಿಯಲ್ಲಿ ಒಂದು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾರೆ. ಬೇರೆ ಕೆಲಸ ನೋಡುತ್ತಿರುವುದು ಅಲ್ಲಿಯ ಮಾಲೀಕರಿಗೆ ಗೊತ್ತಿಲ್ಲ. ನಾವು ಇನ್ನೂ ಕೆಲಸ ಕೊಟ್ಟಿಲ್ಲ, ನಾಳೆ ಕೊಡದೆಯೂ ಇರಬಹುದು. ಶಹಾಪುರದ ಮಾತು ಯಾದಗಿರಿ ಬಜಾರ್ ಮುಟ್ಟಲು ಒಂದು ಬಸ್ಸಿನ ಹೊತ್ತೂ ಬೇಡ. ಈ ವಿಷಯ ದಯವಿಟ್ಟು ನಿಮ್ಮಲ್ಲೇ ಇರಲಿ.

ಅವರ ಕೆಲಸವನ್ನು ನಿಮಗಿಂತ ಹತ್ತಿರದಿಂದ ನೋಡಿದ ಮೇಸ್ತ್ರಿಯೋ ಗುಮಾಸ್ತರೋ ಇದ್ದರೆ ನೇರವಾಗಿ ಅವರಿಗೆ ಫೋನ್ ಕೊಡಬೇಡಿ. ಹೆಸರು ಹೇಳಿ, ಭಾಗ್ಯಶ್ರೀ ಅವರನ್ನು ಕೇಳಿಕೊಂಡು ನಾನೇ ಮಾತಾಡುತ್ತೇನೆ.

ನಿಮ್ಮ ಒಂದು ಸಾಲಿಗೆ ಕಾಯುತ್ತಿರುತ್ತೇನೆ. ಮಾತಾಡಲು ಮನಸ್ಸಿಲ್ಲದಿದ್ದರೆ ಅದನ್ನೂ ತಿಳಿಸಿ, ಭಾಗ್ಯಶ್ರೀ ಅವರ ಹತ್ತಿರ ಬೇರೆ ಹೆಸರು ಕೇಳುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಸುನೀತಾ
ಆಫೀಸ್ ಮ್ಯಾನೇಜರ್, ಕಪನೂರು, ಕಲಬುರಗಿ

ಲಗತ್ತು: ಭಾಗ್ಯಶ್ರೀ ಅವರ ಒಪ್ಪಿಗೆ ಪತ್ರದ ಫೋಟೋ